ಛೇದ ಯಾವುದು? ರೋಗಪತ್ತೆ ಪರೀಕ್ಷೆಯ ನಾಲ್ಕು ಶೇಕಡಾಗಳನ್ನು ಲೇಖನದಲ್ಲಿ ಬರೆಯುವ ಬಗೆ

‘ಈ ಕಿಟ್‌ನ ಸೆನ್ಸಿಟಿವಿಟಿ 80.6%’ ಎಂಬ ವಾಕ್ಯ ಓದಿದ ವೈದ್ಯರಿಗೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. 62 ರೋಗಿಗಳಲ್ಲಿ 50 ಮಂದಿ ಪಾಸಿಟಿವ್ ಬಂದರೂ 80.6%, 6,200ರಲ್ಲಿ 5,000 ಬಂದರೂ 80.6%. ಮೊದಲನೆಯದರಲ್ಲಿ ನಿಜವಾದ ಬೆಲೆ 70ರ ಆಸುಪಾಸಿನಲ್ಲೂ ಇರಬಹುದು, ಎರಡನೆಯದರಲ್ಲಿ ಆ ಸಂದೇಹವಿಲ್ಲ. ಕಾನ್ಫಿಡೆನ್ಸ್ ಇಂಟರ್‌ವಲ್ ಈ ವ್ಯತ್ಯಾಸವನ್ನು ಕಾಣಿಸುತ್ತದೆ. ಆದರೆ ಸೂತ್ರಕ್ಕೆ ಕೈ ಹಾಕುವ ಮೊದಲು ಪ್ರತಿ ಶೇಕಡಾದ ಛೇದ ಯಾವುದು, ಆ ಛೇದದೊಳಗೆ ಯಾರು ಸೇರಿದ್ದಾರೆ ಎಂಬುದು ಖಚಿತವಾಗಿರಬೇಕು. ಪ್ರಬಂಧಗಳಲ್ಲಿ ಕಾಣುವ ತಪ್ಪುಗಳಲ್ಲಿ ಬಹುಪಾಲು ಅಲ್ಲೇ ಹುಟ್ಟುವಂಥವು.

ಉದಾಹರಣೆಯಾಗಿ ಡೆಂಗಿಯ ಎನ್‌ಎಸ್1 ರ‍್ಯಾಪಿಡ್ ಕಿಟ್ ತೆಗೆದುಕೊಳ್ಳೋಣ. ಹೋಲಿಕೆಗೆ ಇಟ್ಟುಕೊಂಡ ಮಾನದಂಡ, ಅಂದರೆ ರೆಫರೆನ್ಸ್ ಸ್ಟ್ಯಾಂಡರ್ಡ್, ಆರ್‌ಟಿ-ಪಿಸಿಆರ್. ಜ್ವರ ಶುರುವಾಗಿ ಐದು ದಿನದೊಳಗೆ ಹೊರರೋಗಿ ವಿಭಾಗಕ್ಕೆ ಬಂದವರನ್ನೆಲ್ಲ ಒಬ್ಬರನ್ನೂ ಬಿಡದೆ ಸರದಿಯಂತೆ ಸೇರಿಸಿಕೊಂಡ ಅಧ್ಯಯನ ಎಂದುಕೊಳ್ಳಿ. ಇಲ್ಲಿನ ಅಂಕಿಗಳೆಲ್ಲ ಲೆಕ್ಕ ತೋರಿಸಲು ಊಹಿಸಿಕೊಂಡವು. ಯಾವ ಕಿಟ್‌ಗೂ ಅವನ್ನು ಅನ್ವಯಿಸಬೇಡಿ.

ಶುರುವಿಗೆ ಮುನ್ನ: ಎಷ್ಟು ಮಂದಿ ಬೇಕು

ಇಂಟರ್‌ವಲ್ ಎಷ್ಟು ಅಗಲವಾಗಿರುತ್ತದೆ ಎಂಬುದು ಬಹುಮಟ್ಟಿಗೆ ರೋಗಿಗಳನ್ನು ಸೇರಿಸುವ ಮೊದಲೇ ನಿರ್ಧಾರವಾಗಿರುತ್ತದೆ. ಸೆನ್ಸಿಟಿವಿಟಿ ಸುಮಾರು 80% ಇರಬಹುದು, ಅದನ್ನು ಆಚೀಚೆ 10 ಅಂಶದ ನಿಖರತೆಯಲ್ಲಿ ತಿಳಿಯಬೇಕು ಎಂದಿಟ್ಟುಕೊಳ್ಳಿ. ಆಗ ಬೇಕಾದ ಸಂಖ್ಯೆ ಹೀಗೆ:

```
n = 1.96^2 × 0.80 × 0.20 / 0.10^2 = 61.5
```

ಅಂದರೆ 62. ಇದು ಒಟ್ಟು ರೋಗಿಗಳ ಸಂಖ್ಯೆಯಲ್ಲ, ನಿಜಕ್ಕೂ ಡೆಂಗಿ ಇರುವವರ ಸಂಖ್ಯೆ. ಬರುವ ಜ್ವರದವರಲ್ಲಿ ಕಾಲುಭಾಗಕ್ಕೆ ಡೆಂಗಿ ಇದ್ದರೆ 62 ಡೆಂಗಿ ಪ್ರಕರಣ ಸಿಗಲು 248 ಮಂದಿ ಬೇಕು. ಹಾಳಾಗುವ ಮಾದರಿಗಳಿಗೆಂದು ಸ್ವಲ್ಪ ಸೇರಿಸಿ 260 ಮಂದಿಯನ್ನು ತೆಗೆದುಕೊಳ್ಳುತ್ತೀರಿ. ಒಟ್ಟು 62 ಮಂದಿಯನ್ನಷ್ಟೇ ಸೇರಿಸಿದರೆ ಅವರಲ್ಲಿ ಡೆಂಗಿ ಇರುವವರು 15 ಅಥವಾ 16 ಮಂದಿ ಮಾತ್ರ. ಆಗ ಸೆನ್ಸಿಟಿವಿಟಿಯ ಇಂಟರ್‌ವಲ್ ಅರ್ಧ ಪುಟ ತುಂಬುವಷ್ಟು ಅಗಲವಾಗುತ್ತದೆ, ಯಾವ ಸೂತ್ರವೂ ಅದನ್ನು ಕಿರಿದು ಮಾಡಲಾರದು. ‘ವಿಧಾನ’ ಭಾಗದಲ್ಲಿ ಈ ಲೆಕ್ಕವನ್ನೂ, 80% ಮತ್ತು 25% ಎಂಬ ಊಹೆಗಳು ಎಲ್ಲಿಂದ ಬಂದವು ಎಂಬುದನ್ನೂ ಎರಡು ಸಾಲಿನಲ್ಲಿ ಬರೆಯಿರಿ.

ಮೊದಲ ಹೆಜ್ಜೆ: 260 ಹೇಗೆ 248 ಆಯಿತು

ರೋಗಪತ್ತೆ ಪರೀಕ್ಷೆಯ ಅಧ್ಯಯನವನ್ನು ಹೇಗೆ ವರದಿ ಮಾಡಬೇಕೆಂದು ಹೇಳುವ, 2015ರಲ್ಲಿ ಪರಿಷ್ಕೃತವಾದ ಸ್ಟಾರ್ಡ್ ಮಾರ್ಗಸೂಚಿಯಲ್ಲಿ 30 ಅಂಶಗಳಿವೆ. ರೋಗಿಗಳ ಹರಿವಿನ ಚಿತ್ರ, ಪರೀಕ್ಷೆ ಮತ್ತು ಮಾನದಂಡದ ಅಡ್ಡಪಟ್ಟಿ, 95% ಇಂಟರ್‌ವಲ್ ಸಮೇತ ಅಂದಾಜು, ಈ ಮೂರನ್ನೂ ಅದು ಕೇಳುತ್ತದೆ. ನಮ್ಮ ಉದಾಹರಣೆಯಲ್ಲಿ 260 ಮಂದಿಯ ಪೈಕಿ 8 ಜನರ ರಕ್ತ ಸಾಲದೆ ಪಿಸಿಆರ್ ಆಗಲಿಲ್ಲ. ಉಳಿದ 252ರಲ್ಲಿ 4 ಜನರ ಕಿಟ್‌ನಲ್ಲಿ ಕಂಟ್ರೋಲ್ ಗೆರೆಯೇ ಮೂಡಲಿಲ್ಲ. ಉಳಿದವರು 248.

ಈ 12 ಮಂದಿಯನ್ನು ಸದ್ದಿಲ್ಲದೆ ಬಿಟ್ಟುಬಿಡುವುದು ತೀರಾ ಸಾಮಾನ್ಯ. ಗೆರೆ ಮೂಡದ ಕಿಟ್ ಸಹ ಆ ಕಿಟ್‌ನ ಗುಣವೇ. ವಾರ್ಡ್‌ನಲ್ಲಿ ಅದನ್ನು ಬಳಸುವ ವೈದ್ಯರ ಮುಂದೆಯೂ ಅಂಥ ಫಲಿತಾಂಶ ಬರುತ್ತದೆ. ಆದ್ದರಿಂದ ಆ ನಾಲ್ವರಲ್ಲಿ ಇಬ್ಬರು ಪಿಸಿಆರ್ ಪಾಸಿಟಿವ್, ಇಬ್ಬರು ನೆಗೆಟಿವ್ ಎಂಬುದನ್ನು ಬರೆಯಿರಿ. ಜೊತೆಗೆ ಅವರೆಲ್ಲರನ್ನೂ ಕಿಟ್‌ನ ತಪ್ಪೆಂದೇ ಎಣಿಸಿ ಇನ್ನೊಂದು ಲೆಕ್ಕ ಕೊಡಿ: ಸೆನ್ಸಿಟಿವಿಟಿ 50/64, ಅಂದರೆ 78.1%, ಸ್ಪೆಸಿಫಿಸಿಟಿ 177/188, ಅಂದರೆ 94.1%. ಮುಖ್ಯ ಫಲಿತಾಂಶಕ್ಕಿಂತ ಇವು ಹೆಚ್ಚೇನೂ ಕೆಳಗಿಲ್ಲ ಎಂದು ಕಂಡರೆ ಓದುಗರಿಗೆ ನಿಮ್ಮ ಲೆಕ್ಕದ ಮೇಲೆ ನಂಬಿಕೆ ಬರುತ್ತದೆ.

ಎರಡನೆಯ ಹೆಜ್ಜೆ: ಪಟ್ಟಿಯನ್ನು ಲೇಖನದಲ್ಲೇ ಅಚ್ಚು ಹಾಕಿ

| | ಪಿಸಿಆರ್ ಪಾಸಿಟಿವ್ | ಪಿಸಿಆರ್ ನೆಗೆಟಿವ್ | ಒಟ್ಟು |
|---|---|---|---|
| ಎನ್‌ಎಸ್1 ಪಾಸಿಟಿವ್ | 50 | 9 | 59 |
| ಎನ್‌ಎಸ್1 ನೆಗೆಟಿವ್ | 12 | 177 | 189 |
| ಒಟ್ಟು | 62 | 186 | 248 |

ಕಂಬಸಾಲಿನಲ್ಲಿ ಮಾನದಂಡ, ಅಡ್ಡಸಾಲಿನಲ್ಲಿ ಪರೀಕ್ಷೆ. ಕೆಲವರು ಇದನ್ನು ಅದಲುಬದಲು ಮಾಡುತ್ತಾರೆ. ಅದು ತಪ್ಪಲ್ಲ, ಆದರೆ ಹಾಗೆ ಮಾಡಿದ ಪಟ್ಟಿಯಿಂದ ಸೂತ್ರವನ್ನು ಯಾಂತ್ರಿಕವಾಗಿ ಹಾಕಿದಾಗ ಸೆನ್ಸಿಟಿವಿಟಿಯ ಜಾಗದಲ್ಲಿ ಪಾಸಿಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ ಬಂದು ಕೂರುತ್ತದೆ. ಸೂತ್ರದ ಬದಲು ಪ್ರಶ್ನೆಯನ್ನು ನೆನಪಿಟ್ಟುಕೊಂಡರೆ ಈ ಗೊಂದಲವಿರುವುದಿಲ್ಲ.

ರೋಗ ಇರುವವರಲ್ಲಿ ಎಷ್ಟು ಮಂದಿಯನ್ನು ಕಿಟ್ ಹಿಡಿಯಿತು ಎಂಬುದು ಸೆನ್ಸಿಟಿವಿಟಿ, ಛೇದ 62. ರೋಗ ಇಲ್ಲದವರಲ್ಲಿ ಎಷ್ಟು ಮಂದಿಗೆ ಸರಿಯಾಗಿ ‘ಇಲ್ಲ’ ಎಂದಿತು ಎಂಬುದು ಸ್ಪೆಸಿಫಿಸಿಟಿ, ಛೇದ 186. ಕಿಟ್ ‘ಇದೆ’ ಎಂದವರಲ್ಲಿ ಎಷ್ಟು ಮಂದಿಗೆ ನಿಜಕ್ಕೂ ಇದೆ ಎಂಬುದು ಪಿಪಿವಿ, ಛೇದ 59. ‘ಇಲ್ಲ’ ಎಂದವರಲ್ಲಿ ಎಷ್ಟು ಮಂದಿಗೆ ನಿಜಕ್ಕೂ ಇಲ್ಲ ಎಂಬುದು ಎನ್‌ಪಿವಿ, ಛೇದ 189. ನಾಲ್ಕರಲ್ಲಿ ಯಾವುದಕ್ಕೂ 248 ಛೇದವಲ್ಲ. ಇಂಟರ್‌ವಲ್ ಲೆಕ್ಕಕ್ಕೆ 248 ಹಾಕಿದರೆ ಸೆನ್ಸಿಟಿವಿಟಿಯ ಇಂಟರ್‌ವಲ್ ಇರಬೇಕಾದ್ದರ ಅರ್ಧಕ್ಕೆ ಕುಗ್ಗಿಬಿಡುತ್ತದೆ. ನೋಡಲು ಚೆಂದ, ಆದರೆ ಸುಳ್ಳು.

248 ಛೇದವಾಗುವುದು ‘ಒಟ್ಟು ಆಕ್ಯುರಸಿ’ಗೆ: 227/248, ಅಂದರೆ 91.5%. ಇದನ್ನು ಸಾರಾಂಶದಲ್ಲಿ ಮುಂದೆ ತಂದು ನಿಲ್ಲಿಸುವುದು ಬೇಡ. ಪರೀಕ್ಷೆಯನ್ನೇ ಮಾಡದೆ ಎಲ್ಲರಿಗೂ ‘ಡೆಂಗಿ ಇಲ್ಲ’ ಎಂದು ಚೀಟಿ ಬರೆದುಕೊಟ್ಟರೂ ಇಲ್ಲಿ 75% ಆಕ್ಯುರಸಿ ಸಿಗುತ್ತದೆ.

ಮೂರನೆಯ ಹೆಜ್ಜೆ: ಇಂಟರ್‌ವಲ್‌ಗೆ ಯಾವ ವಿಧಾನ

ಪಠ್ಯಪುಸ್ತಕದಲ್ಲಿ ಮೊದಲು ಸಿಗುವುದು ವಾಲ್ಡ್ ಸೂತ್ರ: p ± 1.96√(p(1−p)/n). ನಮ್ಮ 50/62ಕ್ಕೆ ಅದು 70.8% ರಿಂದ 90.5% ಕೊಡುತ್ತದೆ. ಶೇಕಡಾ 50ರ ಹತ್ತಿರವಿದ್ದು ಸಂಖ್ಯೆ ದೊಡ್ಡದಿದ್ದಾಗ ಇದು ನಡೆಯುತ್ತದೆ. ರೋಗಪತ್ತೆ ಪರೀಕ್ಷೆಗಳಲ್ಲಿ ಬೆಲೆಗಳು 90, 95ರ ಮೇಲಿರುವುದೇ ಹೆಚ್ಚು, ಅಲ್ಲಿ ಇದು ಕೈಕೊಡುತ್ತದೆ. ಕೆಲವೊಮ್ಮೆ ಮೇಲಿನ ತುದಿ 100% ದಾಟಿಬಿಡುತ್ತದೆ. 20ಕ್ಕೆ 20 ಪಾಸಿಟಿವ್ ಬಂದಾಗಲಂತೂ ಇಂಟರ್‌ವಲ್ 100% ರಿಂದ 100% ಎಂದು ಬರುತ್ತದೆ. ಇಪ್ಪತ್ತೇ ರೋಗಿಗಳನ್ನು ನೋಡಿ ಯಾವ ಅನಿಶ್ಚಿತತೆಯೂ ಇಲ್ಲ ಎಂದಂತಾಯಿತು.

1927ರಲ್ಲಿ ಬಂದ ವಿಲ್ಸನ್ ವಿಧಾನ ಇದಕ್ಕಿಂತ ಎಷ್ಟೋ ಒಳ್ಳೆಯದು. 20/20ಕ್ಕೆ ಅದು 83.9% ರಿಂದ 100% ಕೊಡುತ್ತದೆ. 1934ರ ಕ್ಲಾಪರ್-ಪಿಯರ್ಸನ್ ವಿಧಾನಕ್ಕೆ ‘ಎಕ್ಸಾಕ್ಟ್’ ಎಂಬ ಹೆಸರಿದೆ, 20/20ಕ್ಕೆ 83.2% ರಿಂದ 100% ಕೊಡುತ್ತದೆ. ಅದರ ಇಂಟರ್‌ವಲ್ ಸಾಮಾನ್ಯವಾಗಿ ಬೇಕಾದ್ದಕ್ಕಿಂತ ತುಸು ಅಗಲ. ಎರಡರಲ್ಲಿ ಯಾವುದನ್ನು ಆರಿಸಿದರೂ ಸರಿ, ಆದರೆ ಹೆಸರು ಬರೆಯಿರಿ, ನಾಲ್ಕೂ ಬೆಲೆಗಳಿಗೆ ಅದನ್ನೇ ಬಳಸಿ. ಸೆನ್ಸಿಟಿವಿಟಿಗೆ ಒಂದು, ಪಿಪಿವಿಗೆ ಇನ್ನೊಂದು ಎಂದು ಬೆರೆಸಿದರೆ, ಚೆನ್ನಾಗಿ ಕಾಣುವುದನ್ನು ಆರಿಸಿಕೊಂಡಿರಿ ಎಂಬ ಅನುಮಾನ ಬರುತ್ತದೆ. ನಾವು ಇಲ್ಲಿ ವಿಲ್ಸನ್ ಬಳಸುತ್ತೇವೆ. ಆರ್ ತಂತ್ರಾಂಶದಲ್ಲಿ:

```r
prop.test(50, 62, correct = FALSE)$conf.int
prop.test(177, 186, correct = FALSE)$conf.int
prop.test(50, 59, correct = FALSE)$conf.int
prop.test(177, 189, correct = FALSE)$conf.int
```

`correct = FALSE` ಎಂಬುದನ್ನು ಬಿಟ್ಟರೆ ತಂತ್ರಾಂಶ ತಾನಾಗಿಯೇ ಕಂಟಿನ್ಯುಯಿಟಿ ಕರೆಕ್ಷನ್ ಹಾಕಿ ಇಂಟರ್‌ವಲ್ ಅಗಲಿಸುತ್ತದೆ. ಲೇಖನದಲ್ಲಿ ‘ವಿಲ್ಸನ್’ ಎಂದು ಬರೆದಿರುತ್ತೀರಿ, ಪರಿಶೀಲಕರು ಲೆಕ್ಕ ಮಾಡಿ ನೋಡಿದರೆ ಅಂಕಿ ತಾಳೆಯಾಗುವುದಿಲ್ಲ. ಕ್ಲಾಪರ್-ಪಿಯರ್ಸನ್ ಬೇಕಿದ್ದರೆ `binom.test(50, 62)` ಸಾಕು.

ಫಲಿತಾಂಶದ ಪಟ್ಟಿ ಹೀಗಿರಲಿ:

| ಅಳತೆ | ಎಣಿಕೆ | ಅಂದಾಜು | 95% ಇಂಟರ್‌ವಲ್ |
|---|---|---|---|
| ಸೆನ್ಸಿಟಿವಿಟಿ | 50/62 | 80.6% | 69.1% ರಿಂದ 88.6% |
| ಸ್ಪೆಸಿಫಿಸಿಟಿ | 177/186 | 95.2% | 91.1% ರಿಂದ 97.4% |
| ಪಿಪಿವಿ | 50/59 | 84.7% | 73.5% ರಿಂದ 91.8% |
| ಎನ್‌ಪಿವಿ | 177/189 | 93.7% | 89.2% ರಿಂದ 96.3% |

ವಿಲ್ಸನ್ ಇಂಟರ್‌ವಲ್ ಅಂದಾಜಿನ ಎರಡೂ ಬದಿಗೆ ಸಮವಾಗಿ ಚಾಚುವುದಿಲ್ಲ. 80.6ರಿಂದ ಕೆಳಗೆ 11.5 ಇಳಿದರೆ ಮೇಲೆ 8 ಮಾತ್ರ ಏರುತ್ತದೆ. ಇದನ್ನು ಕಂಡು ತಪ್ಪಾಯಿತೆಂದು ಗಾಬರಿಯಾಗಬೇಡಿ. ಇದೇ ಕಾರಣಕ್ಕೆ ‘80.6 ± 9.7’ ಎಂದು ಬರೆಯಲೂ ಬಾರದು, ಎರಡು ತುದಿಗಳನ್ನೇ ಬರೆಯಬೇಕು. ದಶಮಾಂಶ ಒಂದೇ ಸಾಕು. ಛೇದ 62 ಇರುವಾಗ ಒಬ್ಬ ರೋಗಿ ಆಚೀಚೆಯಾದರೆ ಶೇಕಡಾ 1.6ರಷ್ಟು ಬದಲಾಗುತ್ತದೆ, ಅಂಥ ಕಡೆ 80.65% ಎಂಬ ಎರಡನೆಯ ದಶಮಾಂಶ ಬರಿಯ ಅಲಂಕಾರ.

ಒಬ್ಬ ರೋಗಿಯಿಂದ ಎರಡು ಮೂರು ಮಾದರಿ ತೆಗೆದಿದ್ದರೆ ಮೇಲಿನ ಯಾವ ಸೂತ್ರವೂ ಹಾಗೇ ನಡೆಯದು. ಒಂದೇ ದೇಹದ ಮಾದರಿಗಳು ಒಂದನ್ನೊಂದು ಹೋಲುತ್ತವೆ, ಆದ್ದರಿಂದ ಅವನ್ನು ಬೇರೆ ಬೇರೆ ರೋಗಿಗಳಂತೆ ಎಣಿಸಿದರೆ ಇಂಟರ್‌ವಲ್ ಸುಳ್ಳಾಗಿ ಕಿರಿದಾಗುತ್ತದೆ. ಸುಲಭದ ದಾರಿಯೆಂದರೆ ಪ್ರತಿ ರೋಗಿಯ ಮೊದಲ ಮಾದರಿಯನ್ನಷ್ಟೇ ಮುಖ್ಯ ವಿಶ್ಲೇಷಣೆಗೆ ತೆಗೆದುಕೊಳ್ಳುವುದು.

ನಾಲ್ಕನೆಯ ಹೆಜ್ಜೆ: ಪಿಪಿವಿ ಯಾರ ಸೊತ್ತು

ಪಿಪಿವಿ 84.7% ಎಂಬುದು ಕಿಟ್‌ನ ಗುಣವಲ್ಲ. ನೂರರಲ್ಲಿ 25 ಮಂದಿಗೆ ಡೆಂಗಿ ಇರುವ ಹೊರರೋಗಿ ವಿಭಾಗದಲ್ಲಿ ಆ ಕಿಟ್ ಹೇಗೆ ನಡೆದುಕೊಂಡಿತು ಎಂಬ ವರದಿ ಅದು. ಅದೇ ಕಿಟ್ಟನ್ನು ಡೆಂಗಿ ಕಡಿಮೆಯಾದ ಬೇಸಿಗೆಯಲ್ಲಿ, ಜ್ವರದವರಲ್ಲಿ 5% ಮಂದಿಗಷ್ಟೇ ಡೆಂಗಿ ಇರುವಾಗ ಬಳಸಿದರೆ ಏನಾಗುತ್ತದೆ ನೋಡಿ. 1,000 ಜನರಲ್ಲಿ 50 ಮಂದಿಗೆ ರೋಗವಿದೆ, ಅವರಲ್ಲಿ ಸುಮಾರು 40 ಮಂದಿಯನ್ನು ಕಿಟ್ ಹಿಡಿಯುತ್ತದೆ. ಉಳಿದ 950 ಮಂದಿಯಲ್ಲಿ ಸುಮಾರು 46 ಜನರಿಗೆ ಸುಳ್ಳು ಪಾಸಿಟಿವ್ ಬರುತ್ತದೆ. ಒಟ್ಟು 86 ಪಾಸಿಟಿವ್‌ಗಳಲ್ಲಿ ನಿಜವಾದವು 40 ಮಾತ್ರ, ಅಂದರೆ ಪಿಪಿವಿ ಸುಮಾರು 47%. ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎರಡನ್ನೂ ಹಾಗೇ ಇಟ್ಟುಕೊಂಡರೂ ಪಾಸಿಟಿವ್ ಚೀಟಿಯ ಬೆಲೆ ಅರ್ಧಕ್ಕಿಳಿಯಿತು. ಎನ್‌ಪಿವಿ ಮಾತ್ರ 98.9%ಗೆ ಏರುತ್ತದೆ.

ಹಾಗಾಗಿ ಪಿಪಿವಿ ಬರೆದ ಸಾಲಿನಲ್ಲೇ ರೋಗದ ಪ್ರಮಾಣವನ್ನೂ ಬರೆಯಬೇಕು: ‘ಡೆಂಗಿ ಪ್ರಮಾಣ 25% (62/248) ಇದ್ದ ಈ ರೋಗಿಗಳಲ್ಲಿ’. ಬೇರೆ ಪ್ರಮಾಣಕ್ಕೆ ಲೆಕ್ಕ ಕೊಡುವುದಾದರೆ ಅದಕ್ಕೂ ಇಂಟರ್‌ವಲ್ ಬೇಕು. ಇಲ್ಲಿ 50/59ರ ಇಂಟರ್‌ವಲ್ ಕೆಲಸಕ್ಕೆ ಬಾರದು, ಏಕೆಂದರೆ ಆ 59 ಎಂಬ ಛೇದ 25% ಪ್ರಮಾಣದಿಂದ ಬಂದದ್ದು. ಪ್ರಮಾಣವನ್ನು ಸ್ಥಿರವೆಂದು ಇಟ್ಟುಕೊಂಡು ಲಾಜಿಟ್ ಅಳತೆಯಲ್ಲಿ ಲೆಕ್ಕ ಮಾಡಬಹುದು:

```r
se <- 50/62; sp <- 177/186; p <- 0.05
l <- log(se*p / ((1-sp)*(1-p)))
v <- (1-se)/(se*62) + sp/((1-sp)*186)
plogis(l + c(-1, 1)*1.96*sqrt(v))
```

ಉತ್ತರ 31.4% ರಿಂದ 62.7%. ಇಷ್ಟು ಅಗಲವಾಗಲು ಕಾರಣ `v` ಸಾಲಿನಲ್ಲೇ ಇದೆ: ಮೊದಲ ಭಾಗ 0.004, ಎರಡನೆಯದು 0.106. ಅನಿಶ್ಚಿತತೆಯೆಲ್ಲ ಬಂದದ್ದು ಆ 9 ಸುಳ್ಳು ಪಾಸಿಟಿವ್‌ಗಳಿಂದ. ರೋಗ ಅಪರೂಪವಾದಷ್ಟೂ ಪಿಪಿವಿಯ ನಿಖರತೆ ಸ್ಪೆಸಿಫಿಸಿಟಿಯನ್ನು ಎಷ್ಟು ಚೆನ್ನಾಗಿ ಅಳೆದಿದ್ದೀರಿ ಎಂಬುದರ ಮೇಲೆ ನಿಲ್ಲುತ್ತದೆ. ಸುಳ್ಳು ಪಾಸಿಟಿವ್ ಸೊನ್ನೆಯಿದ್ದರೆ ಈ ಸೂತ್ರದಲ್ಲಿ ಸೊನ್ನೆಯಿಂದ ಭಾಗಿಸಬೇಕಾಗಿ ಬಂದು ಲೆಕ್ಕ ನಿಂತುಹೋಗುತ್ತದೆ. ಆಗ ಸಂಖ್ಯಾಶಾಸ್ತ್ರಜ್ಞರ ನೆರವು ಪಡೆಯಿರಿ.

ಇನ್ನೊಂದು ಸನ್ನಿವೇಶದಲ್ಲಿ ಪಿಪಿವಿಯನ್ನು ಬರೆಯಲೇಬಾರದು. ಪಿಸಿಆರ್ ಖಚಿತಪಡಿಸಿದ 100 ಡೆಂಗಿ ಮಾದರಿ, ಆರೋಗ್ಯವಂತ ರಕ್ತದಾನಿಗಳ 100 ಮಾದರಿ ಹೀಗೆ ಜೋಡಿಸಿಕೊಂಡು ಮಾಡಿದ ಅಧ್ಯಯನದಲ್ಲಿ ‘ಪ್ರಮಾಣ’ 50% ಎಂಬುದು ಸಂಶೋಧಕರು ಫ್ರೀಜರ್‌ನಿಂದ ಎಷ್ಟು ಟ್ಯೂಬ್ ತೆಗೆದರು ಎಂಬುದರ ಲೆಕ್ಕ. ಅದರಿಂದ ಹೊರಟ ಪಿಪಿವಿಗೆ ಯಾವ ಆಸ್ಪತ್ರೆಯಲ್ಲೂ ಅರ್ಥವಿಲ್ಲ. ಅಲ್ಲಿ ಸ್ಪೆಸಿಫಿಸಿಟಿಯೂ ಇರಬೇಕಾದ್ದಕ್ಕಿಂತ ಚೆನ್ನಾಗಿ ಕಾಣುವ ಸಂಭವವಿದೆ, ಏಕೆಂದರೆ ವೈದ್ಯರ ಮುಂದೆ ಬರುವುದು ಆರೋಗ್ಯವಂತ ದಾನಿಯಲ್ಲ, ಬೇರೆ ಕಾರಣಕ್ಕೆ ಜ್ವರ ಬಂದ ರೋಗಿ.

ಐದನೆಯ ಹೆಜ್ಜೆ: ಪಿಸಿಆರ್ ಯಾರಿಗೆ ಮಾಡಿದಿರಿ

ಖರ್ಚು ಉಳಿಸಲು ಕಿಟ್ ಪಾಸಿಟಿವ್ ಬಂದವರಿಗೆಲ್ಲ ಪಿಸಿಆರ್, ನೆಗೆಟಿವ್ ಬಂದವರಲ್ಲಿ ಅರ್ಧ ಜನರಿಗೆ ಮಾತ್ರ ಎಂದು ಮಾಡುವುದುಂಟು. ನಮ್ಮ ಪಟ್ಟಿಯಲ್ಲಿ ಹಾಗೆ ಮಾಡಿದರೆ 189ರ ಬದಲು 94 ಮಂದಿಗೆ ಪಿಸಿಆರ್ ಆಗುತ್ತದೆ, ಅವರಲ್ಲಿ ಸುಮಾರು 6 ಪಾಸಿಟಿವ್, 88 ನೆಗೆಟಿವ್. ಈಗ ಸೆನ್ಸಿಟಿವಿಟಿ 50/56, ಅಂದರೆ 89.3%. ಸ್ಪೆಸಿಫಿಸಿಟಿ 88/97, ಅಂದರೆ 90.7%. ಕಿಟ್ ಬದಲಾಗಲಿಲ್ಲ, ರೋಗಿಗಳು ಬದಲಾಗಲಿಲ್ಲ, ಆದರೂ ಸೆನ್ಸಿಟಿವಿಟಿ ಸುಮಾರು ಒಂಬತ್ತು ಅಂಶ ಏರಿತು. ಕಿಟ್‌ಗೆ ಸಿಗದೆ ತಪ್ಪಿಸಿಕೊಂಡ ಪ್ರಕರಣಗಳನ್ನು ಅರ್ಧದಷ್ಟು ನಾವೇ ಬಚ್ಚಿಟ್ಟದ್ದೇ ಅದಕ್ಕೆ ಕಾರಣ. ಇದಕ್ಕೆ ವೆರಿಫಿಕೇಶನ್ ಬಯಾಸ್ ಎನ್ನುತ್ತಾರೆ.

ಸ್ವಾರಸ್ಯವೆಂದರೆ ಇಲ್ಲಿ ಪಿಪಿವಿ 50/59 ಹಾಗೇ ಇರುತ್ತದೆ, ಎನ್‌ಪಿವಿ 88/94 ಅಂದರೆ 93.6%, ಅದೂ ಬಹುತೇಕ ಹಾಗೇ. ಆ ಅರ್ಧ ಮಂದಿಯನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದ್ದರೆ ಮಾತ್ರ ಈ ಮಾತು ನಿಲ್ಲುತ್ತದೆ. ಕಾಯಿಲೆ ಜೋರಾಗಿದ್ದವರನ್ನೇ ಆರಿಸಿ ಪಿಸಿಆರ್‌ಗೆ ಕಳಿಸಿದ್ದರೆ ಎನ್‌ಪಿವಿಯೂ ಕೆಡುತ್ತದೆ. ಇಂಥ ಅಧ್ಯಯನವನ್ನು ಇಂಟರ್‌ವಲ್ ಕಾಪಾಡುವುದಿಲ್ಲ. ಅದು ಅಳೆಯುವುದು ಮಾದರಿಯ ಗಾತ್ರದಿಂದ ಬರುವ ಅನಿಶ್ಚಿತತೆಯನ್ನು ಮಾತ್ರ, ರೋಗಿಗಳ ಆಯ್ಕೆಯಲ್ಲಿ ಆದ ಓರೆಯನ್ನಲ್ಲ. ಬೇರೆ ಬೇರೆ ಗುಂಪಿನಲ್ಲಿ ಎಷ್ಟೆಷ್ಟು ಮಂದಿಗೆ ಪಿಸಿಆರ್ ಆಯಿತು ಎಂಬುದು ಹರಿವಿನ ಚಿತ್ರದಲ್ಲೇ ಕಾಣಬೇಕು.

ಡೆಂಗಿಯ ಮಟ್ಟಿಗೆ ಇನ್ನೂ ಒಂದು ವಿವರ ಸೇರಿಸಿ: ಮಾದರಿ ತೆಗೆದದ್ದು ಜ್ವರದ ಎಷ್ಟನೇ ದಿನ. ಆ್ಯಂಟಿಬಾಡಿ ಏರುತ್ತಿದ್ದಂತೆ ಎನ್‌ಎಸ್1 ಸಿಗುವುದು ಕಡಿಮೆಯಾಗುತ್ತದೆ, ಎರಡನೇ ಸಲ ಡೆಂಗಿ ಬಂದವರಲ್ಲಿ ಇನ್ನೂ ಕಡಿಮೆ. ದಿನ ತಿಳಿಸದ ಸೆನ್ಸಿಟಿವಿಟಿಯನ್ನು ಬೇರೊಂದು ಅಧ್ಯಯನದೊಂದಿಗೆ ಹೋಲಿಸಲಾಗದು.

ಆರನೆಯ ಹೆಜ್ಜೆ: ವಾಕ್ಯಗಳು

ಲೇಖನ ಇಂಗ್ಲಿಷಿನಲ್ಲಿದ್ದರೂ ವಾಕ್ಯದೊಳಗೆ ಬರಬೇಕಾದದ್ದು ಇಷ್ಟೇ.

ವಿಧಾನ: ‘ಪಿಸಿಆರ್ ಮಾಡಿದವರಿಗೆ ಕಿಟ್‌ನ ಫಲಿತಾಂಶ ತಿಳಿದಿರಲಿಲ್ಲ, ಕಿಟ್ ಓದಿದವರಿಗೆ ಪಿಸಿಆರ್ ಫಲಿತಾಂಶ ತಿಳಿದಿರಲಿಲ್ಲ. ನಾಲ್ಕು ಅಳತೆಗಳಿಗೂ 95% ಇಂಟರ್‌ವಲ್ಲನ್ನು ಕಂಟಿನ್ಯುಯಿಟಿ ಕರೆಕ್ಷನ್ ಇಲ್ಲದ ವಿಲ್ಸನ್ ವಿಧಾನದಿಂದ ಲೆಕ್ಕ ಹಾಕಲಾಯಿತು. ಕಂಟ್ರೋಲ್ ಗೆರೆ ಮೂಡದ ಕಿಟ್‌ಗಳನ್ನು ಮುಖ್ಯ ವಿಶ್ಲೇಷಣೆಯಿಂದ ಬಿಟ್ಟು, ಪ್ರತ್ಯೇಕ ವಿಶ್ಲೇಷಣೆಯಲ್ಲಿ ತಪ್ಪೆಂದು ಎಣಿಸಲಾಯಿತು.’ ಮೊದಲ ವಾಕ್ಯ ನಿಮ್ಮಲ್ಲಿ ನಿಜವಾಗಿದ್ದರೆ ಮಾತ್ರ ಬರೆಯಿರಿ.

ಫಲಿತಾಂಶ: ‘ಪಿಸಿಆರ್ ಪಾಸಿಟಿವ್ ಇದ್ದ 62 ಮಂದಿಯಲ್ಲಿ 50 ಮಂದಿಯನ್ನು ಕಿಟ್ ಗುರುತಿಸಿತು (ಸೆನ್ಸಿಟಿವಿಟಿ 80.6%, 95% ಇಂಟರ್‌ವಲ್ 69.1% ರಿಂದ 88.6%).’ ಉಳಿದ ಮೂರೂ ಇದೇ ಅಚ್ಚಿನಲ್ಲಿ, ಎಣಿಕೆ ಮೊದಲು, ಶೇಕಡಾ ಆಮೇಲೆ.

ಚರ್ಚೆ: ಇಲ್ಲಿ ಅಂದಾಜನ್ನು ಬಿಟ್ಟು ಇಂಟರ್‌ವಲ್‌ನ ಕೆಟ್ಟ ತುದಿಯನ್ನು ಇಟ್ಟುಕೊಂಡು ಮಾತಾಡಿ. ‘ಕಿಟ್ ನೆಗೆಟಿವ್ ಬಂದರೆ ಡೆಂಗಿ ಇಲ್ಲವೆಂದು ಧೈರ್ಯವಾಗಿ ಹೇಳಬಹುದು’ ಎಂದು ಬರೆಯುವ ಆಸೆಯಾಗುತ್ತದೆ. ಆದರೆ ಎನ್‌ಪಿವಿಯ ಕೆಳತುದಿ 89.2%, ಅಂದರೆ ನೆಗೆಟಿವ್ ಬಂದು ಮನೆಗೆ ಹೋದ ಹತ್ತು ಮಂದಿಯಲ್ಲಿ ಒಬ್ಬರಿಗೆ ಡೆಂಗಿ ಇರುವ ಸಾಧ್ಯತೆಯನ್ನೂ ಈ ದತ್ತಾಂಶ ತಳ್ಳಿಹಾಕುವುದಿಲ್ಲ. ಬರೆಯಬಹುದಾದದ್ದು ಹೀಗೆ: ‘ಕಿಟ್ ನೆಗೆಟಿವ್ ಬಂದರೂ ಲಕ್ಷಣಗಳು ಹೊಂದುವ ರೋಗಿಗಳಲ್ಲಿ ಪಿಸಿಆರ್ ಮಾಡಬೇಕು ಅಥವಾ ನಿಗಾ ಮುಂದುವರಿಸಬೇಕು.’

ಸಾರಾಂಶದಲ್ಲಿ ಜಾಗ ಸಾಲದೆ ಮೊದಲು ಕತ್ತರಿ ಬೀಳುವುದು ಇಂಟರ್‌ವಲ್‌ಗೇ. ಅದರ ಬದಲು ಹಿನ್ನೆಲೆಯ ಒಂದು ವಾಕ್ಯ ತೆಗೆಯಿರಿ. ಕಳಿಸುವ ಮುನ್ನ ಸಾರಾಂಶ, ಫಲಿತಾಂಶ, ಪಟ್ಟಿ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು, ಪಟ್ಟಿಯ ನಾಲ್ಕು ಅಂಕಿಗಳಿಂದ ಎಲ್ಲ ಶೇಕಡಾಗಳನ್ನೂ ಕ್ಯಾಲ್ಕುಲೇಟರ್‌ನಲ್ಲಿ ಮತ್ತೊಮ್ಮೆ ತೆಗೆದು ನೋಡಿ. ಪರಿಷ್ಕರಣೆಯ ವೇಳೆ ಒಬ್ಬ ರೋಗಿಯನ್ನು ಕೈಬಿಟ್ಟು ಪಟ್ಟಿ ತಿದ್ದಿ, ಸಾರಾಂಶದಲ್ಲಿ ಹಳೆಯ 80.6% ಹಾಗೇ ಉಳಿದಿರುವುದು ಪರಿಶೀಲಕರ ಕಣ್ಣಿಗೆ ಮೊದಲು ಬೀಳುತ್ತದೆ.